ಸಹೋದ್ಯೋಗಿಗಳಿಗೆ ಕಷ್ಟದ ಹೆಸರೊಂದನ್ನು ಸರಿಯಾಗಿ ಉಚ್ಚರಿಸಲು ಕಲಿಸುವುದು: ಯಾರಿಗೂ ಮುಜುಗರವಾಗದ ಕ್ರಮ

ಕಚೇರಿಗೆ ಹೊಸಬರು ಬಂದಾಗ ಅವರ ಹೆಸರನ್ನು ಸರಿಯಾಗಿ ಕರೆಯಬೇಕೆಂಬ ಮನಸ್ಸು ಬಹುತೇಕ ಎಲ್ಲರಿಗೂ ಇರುತ್ತದೆ. ಆದರೂ ಮೂರು ತಿಂಗಳ ನಂತರ ನೋಡಿದರೆ ಅದೇ ತಪ್ಪು ಉಚ್ಚಾರಣೆ ಗಟ್ಟಿಯಾಗಿ ನಿಂತಿರುತ್ತದೆ. ಇದಕ್ಕೆ ಕಾರಣ ಕ್ರಮ ತಲೆಕೆಳಗಾಗಿರುವುದು. ತಪ್ಪು ಕೇಳಿಬಂದ ಕ್ಷಣದಲ್ಲಿ, ನಾಲ್ಕು ಜನರ ಮುಂದೆ ತಿದ್ದಲು ಹೋಗುತ್ತೇವೆ. ಕಿವಿಗೆ ವ್ಯತ್ಯಾಸ ತಿಳಿಯುವ ಮೊದಲೇ ನಾಲಿಗೆಯಿಂದ ಹೇಳಿಸುತ್ತೇವೆ. ಕಲಿಸುವ ಹೊಣೆಯನ್ನು ಹೆಸರಿನವರ ಮೇಲೆಯೇ ಹೊರಿಸುತ್ತೇವೆ. ಈ ಮೂರನ್ನೂ ತಿರುಗಿಸಿ ಹಾಕುವುದು ಹೇಗೆಂಬುದನ್ನು ಇಲ್ಲಿ ಒಂದೇ ಉದಾಹರಣೆಯ ಮೂಲಕ ವಿವರಿಸಿದ್ದೇನೆ.

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಕಚೇರಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸ್ಯಾಂಪಲ್ ಪರೀಕ್ಷೆಯ ಕೋಣೆಗೆ ಮಧುರೈ ಕಡೆಯ ಒಬ್ಬರು ಕೆಲಸಕ್ಕೆ ಸೇರಿದ್ದಾರೆ. ಅವರ ಹೆಸರು ಕಾಗದದಲ್ಲಿ Yazhini ಎಂದಿದೆ. ಮನೆಯಲ್ಲಿ ಅವರನ್ನು ಕರೆಯುವುದು ಯಾೞಿನಿ ಎಂದು. ನಡುವಿನ ಅಕ್ಷರ ಹಳಗನ್ನಡದಲ್ಲಿ ಇದ್ದು ಈಗ ನಮ್ಮ ಬಳಕೆಯಿಂದ ಬಿಟ್ಟುಹೋಗಿರುವ ೞ. ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ಅದು ಇಂದಿಗೂ ಜೀವಂತವಾಗಿದೆ. ಕಚೇರಿಯಲ್ಲಿ ಅವರು ಒಂದು ಬಾಯಲ್ಲಿ ಯಾಜಿನಿ, ಇನ್ನೊಂದು ಬಾಯಲ್ಲಿ ಯಝಿನಿ, ಮತ್ತೊಂದು ಬಾಯಲ್ಲಿ ಬರೀ ಮೇಡಂ ಆಗಿದ್ದಾರೆ.

## ಬೇಕಾಗುವ ಸಾಮಗ್ರಿ

ಧ್ವನಿಮುದ್ರಣ ಮಾಡಬಲ್ಲ ಒಂದು ಮೊಬೈಲ್, ಒಂದು ಹಾಳೆ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಸಣ್ಣ ಕೋಣೆ ಇದ್ದರೆ ಸಾಕು. ಇವುಗಳಿಗಿಂತ ಮುಖ್ಯವಾಗಿ ಒಬ್ಬ ಮಧ್ಯವರ್ತಿ ಬೇಕು. ಅವರು ಹೆಸರಿನವರೂ ಆಗಿರಬಾರದು, ಕಚೇರಿಯ ಮುಖ್ಯಸ್ಥರೂ ಆಗಿರಬಾರದು. ಹೆಸರಿನವರೇ ಕಲಿಸಲು ನಿಂತರೆ ಕಲಿಯುವವರು ಅವರ ಮುಖ ನೋಡಿ ನಾಚುತ್ತಾರೆ, ಅವರೋ ಸಾಕುಸಾಕಾಗಿ ಎರಡನೆಯ ಸಲಕ್ಕೇ "ಸರಿಯಾಯಿತು ಬಿಡಿ" ಎನ್ನುತ್ತಾರೆ. ಮುಖ್ಯಸ್ಥರು ಕಲಿಸಲು ನಿಂತರೆ ಅದು ಅಪ್ಪಣೆಯಾಗಿಬಿಡುತ್ತದೆ. ಪಕ್ಕದ ಮೇಜಿನ, ಎಲ್ಲರೊಡನೆ ಸಲಿಗೆಯಿಂದಿರುವ ಒಬ್ಬರು ಈ ಕೆಲಸಕ್ಕೆ ತಕ್ಕವರು. ಕಚೇರಿಯಲ್ಲಿ ಮಲಯಾಳಂ ಮಾತನಾಡುವವರಿದ್ದರೆ ಅವರನ್ನೇ ಕೇಳಿಕೊಳ್ಳಿ, ಏಕೆಂದರೆ ಈ ಧ್ವನಿ ಅವರ ನಾಲಿಗೆಯಲ್ಲಿ ಆಗಲೇ ಇದೆ. ಮುಂದಿನ ಹಂತಗಳನ್ನೆಲ್ಲ ಈ ಮಧ್ಯವರ್ತಿಯನ್ನು ಉದ್ದೇಶಿಸಿ ಬರೆದಿದ್ದೇನೆ.

## ಹಂತ 1: ಮೊದಲು ಹೆಸರಿನವರೊಡನೆ, ಒಬ್ಬರೇ ಇರುವಾಗ ಮಾತನಾಡಿ

ಈ ಹಂತವನ್ನು ಬಿಟ್ಟು ಮುಂದೆ ಹೋಗಲೇಬಾರದು. ಅವರ ಒಪ್ಪಿಗೆಯಿಲ್ಲದೆ ಅವರ ಹೆಸರನ್ನು ಕಚೇರಿಯ ಪಾಠವನ್ನಾಗಿ ಮಾಡಿದರೆ, ಸದ್ದಿಲ್ಲದೆ ಕೆಲಸ ಮಾಡಿಕೊಂಡಿರಬೇಕೆಂದು ಬಂದವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಚಹಾದ ವೇಳೆಯಲ್ಲಿ, ಪಕ್ಕದಲ್ಲಿ ಯಾರೂ ಇಲ್ಲದಾಗ, ಸಹಜವಾಗಿ ಕೇಳಿ: "ನಿಮ್ಮ ಹೆಸರನ್ನು ಮನೆಯಲ್ಲಿ ಹೇಗೆ ಕರೆಯುತ್ತಾರೋ ಹಾಗೆ ಒಂದು ಸಲ ಹೇಳಿ. ನಾವು ಇಲ್ಲಿ ತಪ್ಪಾಗಿ ಕರೆಯುತ್ತಿದ್ದೇವೆ ಅನಿಸುತ್ತಿದೆ."

ನಂತರ ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ. ಸರಿಯಾದ ಉಚ್ಚಾರಣೆ ಬಾರದವರು ಹೇಗೆ ಕರೆದರೆ ನಿಮಗೆ ಒಪ್ಪಿಗೆ, ಹೇಗೆ ಕರೆದರೆ ಒಪ್ಪಿಗೆಯಿಲ್ಲ? ಇದನ್ನು ಬಹಳ ಜನ ಕೇಳುವುದೇ ಇಲ್ಲ; ಆದರೆ ಮುಂದಿನ ಎಲ್ಲವೂ ಇದರ ಉತ್ತರದ ಮೇಲೆ ನಿಂತಿದೆ. ನಮ್ಮ ಉದಾಹರಣೆಯಲ್ಲಿ ಅವರ ಉತ್ತರ ಹೀಗಿರಬಹುದು: "ಯಾಳಿನಿ ಅಂದರೆ ತೊಂದರೆಯಿಲ್ಲ ಸಾರ್, ನಮ್ಮ ಕಡೆಯೇ ತುಂಬ ಜನ ಹಾಗೆ ಕರೆಯುತ್ತಾರೆ. ಯಾಜಿನಿ ಅಂದರೆ ಮಾತ್ರ ಬೇರೆ ಯಾರನ್ನೋ ಕರೆದ ಹಾಗಿರುತ್ತದೆ." ಅವರು ಹೇಳುವುದರಲ್ಲಿ ಸತ್ಯಾಂಶವಿದೆ. ತಮಿಳುನಾಡಿನ ದಕ್ಷಿಣದ ಜಿಲ್ಲೆಗಳ ಆಡುಮಾತಿನಲ್ಲಿ ೞ ಅನೇಕರ ಬಾಯಲ್ಲಿ ಳ ಆಗಿಯೇ ಬರುತ್ತದೆ. ಈ ಒಂದು ಮಾತಿನಿಂದ ನಿಮಗೆ ಎರಡು ಗುರಿಗಳು ಸಿಕ್ಕವು. ಎಲ್ಲರೂ ಮುಟ್ಟಲೇಬೇಕಾದದ್ದು ಯಾಳಿನಿ; ಸಾಧ್ಯವಾದವರು ಮುಟ್ಟಬೇಕಾದದ್ದು ಯಾೞಿನಿ.

"ಸುಲಭವಾಗಿ ಕರೆಯುವುದಕ್ಕೆ ಚಿಕ್ಕ ಹೆಸರು ಏನಾದರೂ ಇದೆಯಾ?" ಎಂದು ಮಾತ್ರ ಕೇಳಬೇಡಿ. ಹಾಗೆ ಕೇಳಿದ ಕೂಡಲೇ ಹೊಸಬರು ಒಂದು ಚಿಕ್ಕ ಹೆಸರನ್ನು ಕೊಟ್ಟೇ ಕೊಡುತ್ತಾರೆ, ಮತ್ತು ಅದು ಇಷ್ಟದಿಂದ ಕೊಟ್ಟದ್ದೋ ಸಂಕೋಚದಿಂದ ಕೊಟ್ಟದ್ದೋ ಎಂದು ತಿಳಿಯಲು ನಿಮಗೆ ದಾರಿಯಿರುವುದಿಲ್ಲ. ಚಿಕ್ಕ ಹೆಸರನ್ನು ಅವರಾಗಿಯೇ ಮುಂದಿಟ್ಟರೆ ಅದು ಬೇರೆ ಮಾತು. ಆಗ ಅದನ್ನೇ ಬಳಸಬೇಕು.

ಇಲ್ಲಿ ಗಮನಿಸಬೇಕಾದ ಎಚ್ಚರಿಕೆಯ ಗುರುತು "ಪರವಾಗಿಲ್ಲ, ಹೇಗೆ ಕರೆದರೂ ನಡೆಯುತ್ತದೆ" ಎಂಬ ಉತ್ತರ. ಕೆಲವರು ಇದನ್ನು ನಿಜವಾಗಿಯೂ ಹೇಳುತ್ತಾರೆ, ಕೆಲವರು ಮಾತು ಮುಗಿಸಲು ಹೇಳುತ್ತಾರೆ. ಅಲ್ಲೇ ಒತ್ತಾಯ ಮಾಡದೆ ಬಿಟ್ಟುಬಿಡಿ. ಒಂದು ವಾರದ ನಂತರ ಮತ್ತೊಮ್ಮೆ, ಬೇರೆ ಮಾತಿನ ನಡುವೆ, ಒಂದೇ ಸಲ ಕೇಳಿ. ಆಗಲೂ ಅದೇ ಉತ್ತರ ಬಂದರೆ ಈ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು. ಆಮೇಲೂ ಮುಂದುವರಿಸಿದರೆ ಅದು ನಿಮ್ಮ ಸಮಾಧಾನಕ್ಕಾಗಿ ಮಾಡಿದ ಕೆಲಸವಾಗುತ್ತದೆ.

## ಹಂತ 2: ಧ್ವನಿಯನ್ನು ಮುದ್ರಿಸಿಕೊಳ್ಳಿ

ಹೆಸರಿನವರು ಒಪ್ಪಿದರೆ ಅವರ ಬಾಯಿಂದಲೇ ಒಂದು ಧ್ವನಿಮುದ್ರಣ ಮಾಡಿಕೊಳ್ಳಿ. ಇದರ ಪ್ರಯೋಜನವೆಂದರೆ ಆಮೇಲೆ ಹತ್ತು ಜನ ಹತ್ತು ಸಲ ಅವರ ಮುಂದೆ ನಿಂತು "ಇನ್ನೊಂದು ಸಲ ಹೇಳಿ" ಎಂದು ಕೇಳುವುದು ತಪ್ಪುತ್ತದೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹಲ್ಲರ್ ಓಡುತ್ತಿರುವಾಗ ಮುದ್ರಿಸಿದರೆ ನಮಗೆ ಬೇಕಾದ ಸೂಕ್ಷ್ಮವೇ ಆ ಸದ್ದಿನಲ್ಲಿ ಮುಚ್ಚಿಹೋಗುತ್ತದೆ, ಆದ್ದರಿಂದ ಯಂತ್ರ ನಿಂತಿರುವ ಊಟದ ಹೊತ್ತನ್ನು ಆರಿಸಿಕೊಳ್ಳಿ.

ಮುದ್ರಣದ ಕ್ರಮವೂ ಮುಖ್ಯ. ಮೊದಲು ಒಂದು ವಾಕ್ಯದೊಳಗೆ, ಮಾಮೂಲಿ ವೇಗದಲ್ಲಿ: "ನನ್ನ ಹೆಸರು ಯಾೞಿನಿ, ಸ್ಯಾಂಪಲ್ ರೂಮಿನಲ್ಲಿ ಇದ್ದೇನೆ." ನಂತರ ಹೆಸರು ಮಾತ್ರ, ಎರಡು ಸಲ. ಕೊನೆಗೆ ನಿಧಾನವಾಗಿ, ಬಿಡಿಬಿಡಿಯಾಗಿ. ನಿಧಾನದ್ದನ್ನು ಮೊದಲು ಮುದ್ರಿಸಿದರೆ ಜನ ಅದನ್ನೇ ಅನುಕರಿಸುತ್ತಾರೆ. ಆಗ ಯಾ… ೞಿ… ನಿ… ಎಂದು ಮಗುವಿಗೆ ಹೇಳಿಕೊಟ್ಟಂತೆ ಎಳೆದು ಕರೆಯುವ ಅಭ್ಯಾಸ ಕಚೇರಿಯಲ್ಲಿ ಬೇರೂರುತ್ತದೆ, ಮತ್ತು ಅದು ತಪ್ಪು ಉಚ್ಚಾರಣೆಗಿಂತಲೂ ಹೆಚ್ಚು ಕಿರಿಕಿರಿಯ ವಿಷಯ.

ಅದೇ ಕೂತಲ್ಲಿ ಅವರಿಂದ ಇನ್ನೆರಡು ತಮಿಳು ಪದಗಳನ್ನು ಹೇಳಿಸಿ ಮುದ್ರಿಸಿಕೊಳ್ಳಿ: ಕಿಳಿ ಮತ್ತು ಕಿೞಿ. ಮೊದಲನೆಯದು ಗಿಳಿ, ಎರಡನೆಯದು ಹರಿ ಎಂಬ ಕ್ರಿಯೆ. ಎರಡಕ್ಕೂ ಇರುವ ವ್ಯತ್ಯಾಸ ಆ ನಡುವಿನ ವ್ಯಂಜನ ಒಂದೇ. ನಾಲ್ಕನೆಯ ಹಂತದಲ್ಲಿ ಇದು ಬೇಕಾಗುತ್ತದೆ. ಮುದ್ರಣವನ್ನು ಕಚೇರಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಬಾರದು. ಅದು ನಿಮ್ಮ ಮೊಬೈಲ್‌ನಲ್ಲಿ ಮಾತ್ರ ಇರಲಿ.

## ಹಂತ 3: ತಪ್ಪು ಕಾಗದದಲ್ಲಿದೆಯೋ ನಾಲಿಗೆಯಲ್ಲಿದೆಯೋ ನೋಡಿ

ಹೆಸರನ್ನು ಬರೀ ಓದಿದವರು ಒಂದು ತಪ್ಪು ಮಾಡುತ್ತಾರೆ, ಬರೀ ಕೇಳಿದವರು ಇನ್ನೊಂದು ತಪ್ಪು ಮಾಡುತ್ತಾರೆ. ಇವೆರಡನ್ನೂ ಬೇರ್ಪಡಿಸದೆ ಪಾಠ ಶುರುಮಾಡಿದರೆ ಶ್ರಮವೆಲ್ಲ ವ್ಯರ್ಥ. ಹಾಜರಿ ಪುಸ್ತಕ ನೋಡಿ ಕರೆಯುವ ಲೆಕ್ಕಪತ್ರ ವಿಭಾಗದವರು ಹೇಗೆ ಹೇಳುತ್ತಾರೆ, ಹೆಸರನ್ನು ಎಂದೂ ಬರವಣಿಗೆಯಲ್ಲಿ ನೋಡದ ಗೋದಾಮಿನವರು ಹೇಗೆ ಹೇಳುತ್ತಾರೆ ಎಂಬುದನ್ನು ಒಂದೆರಡು ದಿನ ಸುಮ್ಮನೆ ಕೇಳಿಸಿಕೊಂಡು ಹಾಳೆಯಲ್ಲಿ ಬರೆದುಕೊಳ್ಳಿ.

ನಮ್ಮ ಉದಾಹರಣೆಯಲ್ಲಿ ಫಲಿತಾಂಶ ಸಾಮಾನ್ಯವಾಗಿ ಹೀಗಿರುತ್ತದೆ. ಓದಿದವರು ಯಾಜಿನಿ, ಯಝಿನಿ ಎನ್ನುತ್ತಾರೆ. ಕೇಳಿದವರು ಯಾಳಿನಿ ಅಥವಾ ಯಾರಿನಿ ಎನ್ನುತ್ತಾರೆ. ಓದಿದವರ ತಪ್ಪಿಗೆ ನಾಲಿಗೆ ಕಾರಣವಲ್ಲ. ತಮಿಳರು ಆ ಧ್ವನಿಯನ್ನು ರೋಮನ್ ಲಿಪಿಯಲ್ಲಿ zh ಎಂದು ಬರೆಯುವ ಪದ್ಧತಿಯಿದೆ. ಅದನ್ನು ತಿಳಿಯದವರು z ಕಂಡೊಡನೆ ಜ ಎಂದೋ ಝ ಎಂದೋ ಓದುತ್ತಾರೆ. ಮೊದಲಕ್ಷರ ದೀರ್ಘವೆಂಬುದು ಕೂಡ Ya ಎಂಬ ಬರವಣಿಗೆಯಿಂದ ತಿಳಿಯುವುದಿಲ್ಲ. ಹೊರಗಿನಿಂದ ಬಂದವರು Halebid ಎಂಬ ಫಲಕ ಓದಿ ಹಲೆಬಿಡ್ ಎನ್ನುವುದಕ್ಕೂ ಇದೇ ಕಾರಣ. ಇದನ್ನು ಒಮ್ಮೆ ಹೇಳಿದರೆ ಸಾಕು, ಓದಿ ತಪ್ಪಿದವರಿಗೆ ಅರ್ಥವಾಗಿಬಿಡುತ್ತದೆ, ಅವಮಾನವೂ ಆಗುವುದಿಲ್ಲ, ಏಕೆಂದರೆ ಹೊಣೆ ಕಾಗದದ ಮೇಲೆ ಹೋಯಿತು.

ಆದ್ದರಿಂದ ಮೊದಲು ಕಾಗದವನ್ನು ಸರಿಪಡಿಸಿ. ಕಚೇರಿಯೊಳಗೆ ಮಾತ್ರ ಬಳಕೆಯಾಗುವ ಕಡೆಗಳಲ್ಲಿ, ಅಂದರೆ ಮೇಜಿನ ಮೇಲಿನ ಹೆಸರಿನ ಫಲಕ, ಪಾಳಿಯ ಪಟ್ಟಿ, ಸಹೋದ್ಯೋಗಿಗಳ ಮೊಬೈಲ್‌ಗಳಲ್ಲಿ ಉಳಿಸಿದ ಹೆಸರು, ಇವುಗಳಲ್ಲಿ ಕನ್ನಡದಲ್ಲಿ ಯಾಳಿನಿ ಎಂದು ಬರೆಸಿ. ಹೆಸರಿನವರು ಬಯಸಿದರೆ ಯಾೞಿನಿ ಎಂದೂ ಬರೆಯಬಹುದು, ಆದರೆ ಇಂದಿನ ಓದುಗರಲ್ಲಿ ಬಹುಪಾಲು ಮಂದಿ ೞ ಅಕ್ಷರವನ್ನು ಗುರುತಿಸಲಾರರು ಎಂಬುದನ್ನು ಅವರಿಗೆ ತಿಳಿಸಿ. ಆ ಅಕ್ಷರ ಕಂಪ್ಯೂಟರಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಯೂನಿಕೋಡ್ ಪಟ್ಟಿಯಲ್ಲಿ ಅದರ ಸಂಕೇತ U+0CDE, ಹೆಸರು KANNADA LETTER FA ಎಂದು ತಪ್ಪಾಗಿ ದಾಖಲಾಗಿ ಹಾಗೆಯೇ ಉಳಿದುಕೊಂಡಿದೆ. ಆದ್ದರಿಂದ ಅಕ್ಷರಗಳ ಪಟ್ಟಿಯಲ್ಲಿ ಹುಡುಕುವವರು ಆ ಹೆಸರಿನಲ್ಲೇ ಹುಡುಕಬೇಕು. ವಿಂಡೋಸ್‌ನ ವರ್ಡ್‌ನಲ್ಲಿ 0CDE ಎಂದು ಟೈಪ್ ಮಾಡಿ Alt+X ಒತ್ತಿದರೆ ಅಕ್ಷರ ಮೂಡುತ್ತದೆ.

ಆಧಾರ್, ಪಾನ್, ಬ್ಯಾಂಕ್ ಖಾತೆ, ಪಿ.ಎಫ್. ಇವುಗಳಲ್ಲಿರುವ ರೋಮನ್ ಕಾಗುಣಿತವನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಉಚ್ಚಾರಣೆಗೆ ಹೊಂದಲೆಂದು ಸಂಬಳದ ಕಡತದಲ್ಲಿ ಒಂದು ಅಕ್ಷರ ಬದಲಾಯಿಸಿದರೂ ದಾಖಲೆಗಳು ಒಂದಕ್ಕೊಂದು ತಾಳೆಯಾಗದೆ, ಮುಂದೆ ಪಿ.ಎಫ್. ಹಣ ತೆಗೆಯುವಾಗ ಅದರ ಓಡಾಟವೆಲ್ಲ ಹೆಸರಿನವರ ಪಾಲಿಗೇ ಬರುತ್ತದೆ.

ಕಾಗದ ಸರಿಹೋದ ಮೇಲೆ ಒಂದು ವಾರ ಕಾಯಿರಿ. ಯಾಜಿನಿ, ಯಝಿನಿ ಎಂಬ ಉಚ್ಚಾರಣೆಗಳು ತಾವಾಗಿಯೇ ಕಡಿಮೆಯಾಗುತ್ತವೆ. ಮುಂದಿನ ಎರಡು ಹಂತಗಳು ಬೇಕಾಗುವುದು ಯಾಳಿನಿಯಿಂದ ಯಾೞಿನಿಗೆ ಹೋಗಲು ಮನಸ್ಸಿರುವವರಿಗೆ ಮಾತ್ರ. ಯಾರನ್ನೂ ಬಲವಂತಪಡಿಸುವ ಅಗತ್ಯವಿಲ್ಲ.

## ಹಂತ 4: ಕಿವಿಗೆ ಮೊದಲು ಕಲಿಸಿ

ಕಲಿಯುವವರನ್ನು ಒಬ್ಬೊಬ್ಬರಾಗಿ ಸಣ್ಣ ಕೋಣೆಗೆ ಕರೆಯಿರಿ. ಹೆಸರಿನವರು ಅಲ್ಲಿ ಇರಬಾರದು. ಈ ಹಂತದಲ್ಲಿ ಕಲಿಯುವವರಿಂದ ಏನನ್ನೂ ಹೇಳಿಸಬೇಡಿ. ಅವರು ಬಾಯಿ ತೆರೆಯಬೇಕಿಲ್ಲ ಎಂಬುದೇ ಅರ್ಧ ಮುಜುಗರವನ್ನು ಕಳೆಯುತ್ತದೆ.

ಮುದ್ರಣದಲ್ಲಿರುವ ಕಿಳಿ, ಕಿೞಿ ಎರಡನ್ನೂ ಯಾವುದು ಯಾವುದೆಂದು ಹೇಳಿ ಮೂರು ಮೂರು ಸಲ ಕೇಳಿಸಿ. ನಂತರ ಯಾವುದೆಂದು ಹೇಳದೆ ಹಿಂದುಮುಂದಾಗಿ ಹತ್ತು ಸಲ ಕೇಳಿಸಿ. ಕಲಿಯುವವರು ಮೊದಲನೆಯದು ಅನಿಸಿದರೆ ಒಂದು ಬೆರಳು, ಎರಡನೆಯದು ಅನಿಸಿದರೆ ಎರಡು ಬೆರಳು ತೋರಿಸಲಿ. ಕಣ್ಣುಮುಚ್ಚಿ ಊಹಿಸಿದರೂ ಹತ್ತರಲ್ಲಿ ಐದು ಸರಿಯಾಗುತ್ತವೆ, ಆದ್ದರಿಂದ ಐದಾರು ಸರಿಯಾದರೆ ಕಿವಿಗೆ ಇನ್ನೂ ಸಿಕ್ಕಿಲ್ಲವೆಂದು ತಿಳಿಯಬೇಕು. ಎಂಟು ಅಥವಾ ಅದಕ್ಕಿಂತ ಹೆಚ್ಚು ಸರಿಯಾದರೆ ಮುಂದಕ್ಕೆ ಹೋಗಬಹುದು.

ಕಿವಿಗೆ ಸಿಗದವರಿಗೆ ಏನನ್ನು ಕೇಳಿಸಿಕೊಳ್ಳಬೇಕೆಂದು ಹೇಳಿಕೊಡಿ. ಳ ಬಂದಾಗ ಸ್ವರ ಒಂದು ಕ್ಷಣ ತಡೆದು ಬಿಟ್ಟಂತಾಗುತ್ತದೆ, ಒಂದು ಸಣ್ಣ ತಟ್ಟು ಕೇಳುತ್ತದೆ. ೞ ಬಂದಾಗ ತಟ್ಟು ಇರುವುದಿಲ್ಲ; ಸ್ವರ ಎಲ್ಲಿಯೂ ಕಡಿಯದೆ ಮಂದವಾಗಿ, ಒಳಗೆ ಸುತ್ತಿಕೊಂಡಂತೆ ಆಗಿ ಮತ್ತೆ ತೆರೆದುಕೊಳ್ಳುತ್ತದೆ. ನಮ್ಮ ಮಳೆ, ಬಾಳೆ, ಕೋಳಿ, ಏಳು ಈ ಪದಗಳ ತಮಿಳು ರೂಪಗಳಲ್ಲಿಯೂ ಇದೇ ಧ್ವನಿಯಿದೆ, ಆದ್ದರಿಂದ ಮಧ್ಯವರ್ತಿಗೆ ಇನ್ನಷ್ಟು ಉದಾಹರಣೆ ಬೇಕಾದರೆ ಹೆಸರಿನವರಿಂದ ಈ ನಾಲ್ಕನ್ನೂ ಹೇಳಿಸಿಕೊಳ್ಳಬಹುದು. ಪರಿಚಿತ ಪದದಲ್ಲಿ ಅಪರಿಚಿತ ಧ್ವನಿ ಬೇಗ ಎದ್ದು ಕೇಳುತ್ತದೆ.

## ಹಂತ 5: ನಾಲಿಗೆಯ ಅಭ್ಯಾಸ

ಕಿವಿ ಸಿದ್ಧವಾದ ಮೇಲೆ ನಾಲಿಗೆಯ ಕೆಲಸ ನಾವು ಅಂದುಕೊಂಡಷ್ಟು ಕಷ್ಟವಲ್ಲ, ಏಕೆಂದರೆ ಕನ್ನಡಿಗರಿಗೆ ಳ ಬರುತ್ತದೆ. ಚಿಕ್ಕಮಗಳೂರು ಎಂದು ಹೇಳಬಲ್ಲವರು ಅರ್ಧ ದಾರಿ ಆಗಲೇ ಬಂದಿದ್ದಾರೆ.

ಕಲಿಯುವವರಿಗೆ "ಮಗಳೂ" ಎಂದು ನಿಧಾನವಾಗಿ ಹೇಳಿ, ಳಕಾರದಲ್ಲಿ ನಾಲಿಗೆಯ ತುದಿಯನ್ನು ಹಾಗೆಯೇ ನಿಲ್ಲಿಸಲು ತಿಳಿಸಿ. ತುದಿ ಮೇಲಕ್ಕೆ ಮಡಿಸಿಕೊಂಡು ಅಂಗುಳಕ್ಕೆ ತಾಗಿ ನಿಂತಿರುವುದು ಅವರ ಅನುಭವಕ್ಕೆ ಬರುತ್ತದೆ. ಈಗ ಕೊರಳಿನ ಸ್ವರವನ್ನು ನಿಲ್ಲಿಸದೆ, ಮಡಿಸಿದ ತುದಿಯನ್ನು ಅಂಗುಳದಿಂದ ಒಂದು ಅಕ್ಕಿಕಾಳಿನಷ್ಟು ಮಾತ್ರ ಕೆಳಗಿಳಿಸಬೇಕು. ಮಡಿಕೆ ಬಿಚ್ಚಬಾರದು. ನಾಲಿಗೆಯ ಎರಡು ಅಂಚುಗಳು ಮೇಲಿನ ದವಡೆಹಲ್ಲುಗಳಿಗೆ ಒತ್ತಿಕೊಂಡೇ ಇರಬೇಕು, ಉಸಿರು ನಾಲಿಗೆಯ ನಡುವಿನಿಂದ ಹೊರಗೆ ಬರಬೇಕು. ಅಲ್ಲಿ ಕೇಳುವ ಮಂದವಾದ ಧ್ವನಿಯೇ ೞ. ಉಸಿರು ಇರುವಷ್ಟು ಹೊತ್ತು ಅದನ್ನು ಎಳೆಯಬಹುದು. ಎರಡು ಸೆಕೆಂಡು ಎಳೆದು ನಿಲ್ಲಿಸಲಿ, ಮತ್ತೆ ಮಾಡಲಿ.

ಧ್ವನಿ ಸಿಕ್ಕ ಮೇಲೆ ಹೆಸರನ್ನು ಹಿಂದಿನಿಂದ ಕಟ್ಟಿಕೊಂಡು ಬನ್ನಿ. ಮೊದಲು ನಿ, ನಂತರ ೞಿನಿ, ಕೊನೆಗೆ ಯಾೞಿನಿ. ಮುಂದಿನಿಂದ ಶುರುಮಾಡಿದರೆ ಕಲಿಯುವವರು ಕಷ್ಟದ ಜಾಗಕ್ಕೆ ಬಂದು ಎಡವುತ್ತಾರೆ, ಎಡವಿದ ಜಾಗವೇ ಅಭ್ಯಾಸವಾಗುತ್ತದೆ. ಹಿಂದಿನಿಂದ ಬಂದರೆ ಪ್ರತಿ ಸಲವೂ ಪರಿಚಿತವಾದ ಕಡೆಗೆ ಸಾಗುವುದರಿಂದ ಹೆಸರು ಒಂದೇ ಓಟದಲ್ಲಿ ಮುಗಿಯುತ್ತದೆ.

ತಪ್ಪುಗಳು ಕೆಲವೇ, ಕೇಳಿದೊಡನೆ ಯಾವುದೆಂದು ತಿಳಿಯುತ್ತದೆ. ಯಾರಿನಿ ಎಂದು ಕೇಳಿದರೆ ನಾಲಿಗೆಯ ಮಡಿಕೆ ಬಿಚ್ಚಿ ತುದಿ ಹಲ್ಲಿನ ಹಿಂಭಾಗಕ್ಕೆ ಓಡಿದೆಯೆಂದು ಅರ್ಥ. ಳ ಹಿಡಿದು ನಿಲ್ಲಿಸುವುದರಿಂದ ಮತ್ತೆ ಪ್ರಾರಂಭಿಸಬೇಕು. ಯಾಯಿನಿ ಎಂದು ಕೇಳಿದರೆ ತುದಿ ಮಡಿಸಲೇ ಇಲ್ಲ. ಯಾಳಿನಿ ಎಂದೇ ಬರುತ್ತಿದ್ದರೆ ತುದಿ ಇನ್ನೂ ತಾಗುತ್ತಿದೆ, ಆದರೆ ಅದು ಒಪ್ಪಿತ ರೂಪವಾದ್ದರಿಂದ ಅಲ್ಲಿಗೇ ಬಿಟ್ಟರೂ ನಷ್ಟವಿಲ್ಲ. ತುಟಿ ಮುಂದಕ್ಕೆ ಚಾಚಿ ಗುಂಡಾಗುತ್ತಿದ್ದರೆ ಧ್ವನಿ ಉಕಾರದ ಕಡೆಗೆ ವಾಲುತ್ತದೆ. ನಗುವಾಗ ಇರುವಂತೆ ತುಟಿಯನ್ನು ಸಡಿಲವಾಗಿಡಲು ಹೇಳಿ.

ಒಂದು ಕೂರಿಕೆ ಐದು ನಿಮಿಷ ಮೀರಬಾರದು. ಅಭ್ಯಾಸವಿಲ್ಲದ ನಾಲಿಗೆ ಬೇಗ ದಣಿಯುತ್ತದೆ; ದಣಿದ ಮೇಲೆ ಮಾಡಿದ ಪ್ರತಿ ಪ್ರಯತ್ನವೂ ಹಿಂದಿನದಕ್ಕಿಂತ ಕೆಡುತ್ತದೆ, ಕಲಿಯುವವರು ತಮಗಿದು ಆಗುವುದಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ಒಂದು ದಿನ ಬಿಟ್ಟು ಮತ್ತೆ ಕೂಡಿ. ಮೂರು ನಾಲ್ಕು ಕೂರಿಕೆಗಳಾದರೂ ಬಾರದಿದ್ದರೆ, ವಿಶೇಷವಾಗಿ ಹಿರಿಯರಿಗೆ, "ಯಾಳಿನಿ ಅಂದರೆ ಅವರಿಗೂ ಒಪ್ಪಿಗೆಯಿದೆ ಸಾರ್, ಹಾಗೇ ಕರೆಯಿರಿ" ಎಂದು ಸ್ಪಷ್ಟವಾಗಿ ಹೇಳಿ ಮುಗಿಸಿ. ಮೊದಲ ಹಂತದಲ್ಲಿ ಆ ಪ್ರಶ್ನೆ ಕೇಳಿದ್ದು ಇದಕ್ಕಾಗಿಯೇ.

ಕಲಿಕೆ ಎರಡೂ ಕಡೆಯಿಂದ ನಡೆದರೆ ಮುಜುಗರ ಇನ್ನಷ್ಟು ಇಳಿಯುತ್ತದೆ. ತಮಿಳು ಲಿಪಿಯಲ್ಲಿ ಮಹಾಪ್ರಾಣಕ್ಕೆ ಬೇರೆ ಅಕ್ಷರವಿಲ್ಲದ ಕಾರಣ ಭಾರತಿ, ಧನಂಜಯ, ಘನಶ್ಯಾಮ ಇಂಥ ಹೆಸರುಗಳು ಅಲ್ಲಿಂದ ಬಂದವರಿಗೆ ತೊಡಕೆನಿಸುತ್ತವೆ. ಹೆಸರಿನವರು ತಾವಾಗಿಯೇ ಸಹೋದ್ಯೋಗಿಯೊಬ್ಬರ ಹೆಸರನ್ನು ಕೇಳಿ ತಿದ್ದಿಕೊಳ್ಳಲು ಬಂದರೆ ಸಂತೋಷದಿಂದ ಹೇಳಿಕೊಡಿ, ಆದರೆ ಇದನ್ನು ಷರತ್ತಾಗಿ ಮುಂದಿಡಬೇಡಿ. ನಮ್ಮೂರಿನ ಮಾತಿನಲ್ಲಿಯೇ ಮಹಾಪ್ರಾಣ ಎಷ್ಟೋ ಬಾಯಿಗಳಲ್ಲಿ ಬಿಟ್ಟುಹೋಗುತ್ತದೆ ಎಂಬುದೂ ನೆನಪಿರಲಿ.

## ಹಂತ 6: ಬಳಕೆಗೆ ತರುವುದು, ಮತ್ತು ಮೇಡಂ ಎಂಬ ಮರೆ

ಕೋಣೆಯಲ್ಲಿ ಸರಿಯಾಗಿ ಹೇಳಿದವರು ಹೊರಗೆ ಬಂದು ಹೆಸರನ್ನೇ ಬಳಸದಿರುವುದು ಈ ಇಡೀ ಕೆಲಸದಲ್ಲಿ ಅತ್ಯಂತ ಸಾಮಾನ್ಯವಾದ ಸೋಲು. ಇದು ಗಮನಕ್ಕೆ ಬರುವುದೂ ಕಷ್ಟ, ಏಕೆಂದರೆ ನಮ್ಮ ಕಚೇರಿಗಳಲ್ಲಿ ಮೇಡಂ, ಸಾರ್ ಎಂದು ಕರೆಯುವುದು ಮರ್ಯಾದೆಯ ಮಾತು. ತಪ್ಪು ಹೇಳಿಬಿಟ್ಟೇನು ಎಂಬ ಅಳುಕಿನಿಂದ ಹೆಸರನ್ನು ನುಂಗಿಕೊಂಡವರೂ, ಗೌರವದಿಂದ ಮೇಡಂ ಎನ್ನುವವರೂ ಮೇಲ್ನೋಟಕ್ಕೆ ಒಂದೇ ರೀತಿ ಕಾಣುತ್ತಾರೆ.

ಎರಡನ್ನೂ ಬೇರ್ಪಡಿಸುವ ಉಪಾಯವಿದೆ. ಆ ವ್ಯಕ್ತಿ ಎದುರಿಗೆ ಇಲ್ಲದಾಗ ಅವರನ್ನು ಏನೆಂದು ಹೇಳುತ್ತಾರೆ ಕೇಳಿಸಿಕೊಳ್ಳಿ. ಬೇರೆ ಮಹಿಳಾ ಸಹೋದ್ಯೋಗಿಗಳನ್ನು "ಶೋಭಾ ಮೇಡಂ", "ಭಾರತಿ ಮೇಡಂ" ಎಂದು ಹೆಸರು ಸೇರಿಸಿ ಹೇಳುವವರು ಇವರನ್ನು ಮಾತ್ರ "ಸ್ಯಾಂಪಲ್ ರೂಂ ಮೇಡಂ", "ತಮಿಳು ಮೇಡಂ", "ಅದೇ ಹೊಸದಾಗಿ ಬಂದಿದಾರಲ್ಲ ಅವರು" ಎಂದರೆ, ಅಲ್ಲಿರುವುದು ಅಳುಕು. "ತಮಿಳು ಮೇಡಂ" ಎಂಬುದು ಕೇಳಿಬಂದರೆ ತಡಮಾಡಬೇಡಿ. ಹೆಸರಿನ ಜಾಗದಲ್ಲಿ ಊರು ಅಥವಾ ಭಾಷೆ ಬಂದು ಕೂತರೆ ಅದನ್ನು ಎಬ್ಬಿಸುವುದು ತಪ್ಪು ಉಚ್ಚಾರಣೆಯನ್ನು ತಿದ್ದುವುದಕ್ಕಿಂತ ಬಹಳ ಕಷ್ಟ.

ಪರಿಹಾರ ಮೇಡಂ ಎನ್ನುವುದನ್ನು ಬಿಡಿಸುವುದಲ್ಲ, ಅದರ ಹಿಂದೆ ಹೆಸರನ್ನು ಸೇರಿಸುವುದು. ಕಲಿತವರಿಗೆ ಅವರ ದಿನನಿತ್ಯದ ಕೆಲಸದ ಒಂದೇ ಒಂದು ಸಿದ್ಧ ವಾಕ್ಯ ಕೊಡಿ. ಗೋದಾಮಿನವರಿಗೆ: "ಯಾೞಿನಿ ಮೇಡಂ, ಈ ಲಾಟಿನ ಸ್ಯಾಂಪಲ್ ತಂದಿದ್ದೇನೆ." ಲೆಕ್ಕಪತ್ರದವರಿಗೆ: "ಯಾೞಿನಿ ಅವರೇ, ಔಟ್‌ಟರ್ನ್ ರಿಪೋರ್ಟ್ ಆಯಿತಾ?" ಹೆಸರು ವಾಕ್ಯದ ಮೊದಲಿಗೇ ಇರಲಿ. ಕೊನೆಯಲ್ಲಿ ಇಟ್ಟರೆ ಅಲ್ಲಿಗೆ ಬರುವಷ್ಟರಲ್ಲಿ ಅಳುಕು ಕೂಡಿಕೊಂಡು ನಾಲಿಗೆ ತಡವರಿಸುತ್ತದೆ. ಮೊದಲ ಕೆಲವು ದಿನ ಈ ಬಳಕೆ ಇಬ್ಬರೇ ಇರುವ ಸಂದರ್ಭಗಳಲ್ಲಿ ನಡೆಯಲಿ, ಸಭೆ ಆಮೇಲೆ.

## ಹಂತ 7: ಎಲ್ಲರ ಮುಂದೆ ತಪ್ಪಾದಾಗ

ಎಷ್ಟೇ ಕಲಿತರೂ ಆತುರದಲ್ಲಿ ಹಳೆಯ ಉಚ್ಚಾರಣೆ ಬಾಯಿಗೆ ಬರುತ್ತದೆ. ಆಗ "ಅಲ್ಲ ಅಲ್ಲ, ಯಾೞಿನಿ" ಎಂದು ತಡೆಯಬೇಡಿ. ಮಧ್ಯವರ್ತಿಯಾದ ನೀವು ಮುಂದಿನ ನಿಮ್ಮ ಮಾತಿನಲ್ಲಿ ಹೆಸರನ್ನು ಸರಿಯಾಗಿ, ಒತ್ತಿ ಹೇಳದೆ, ಬಳಸಿದರೆ ಸಾಕು. ಅವರು "ಯಾಜಿನಿ ರಿಪೋರ್ಟ್ ಕೊಟ್ಟಿದಾರಾ?" ಎಂದರೆ ನೀವು "ಹೌದು, ಯಾೞಿನಿ ಬೆಳಿಗ್ಗೆಯೇ ಕೊಟ್ಟಿದ್ದಾರೆ" ಎನ್ನಿ. ಕಿವಿ ಆಗಲೇ ಪಳಗಿರುವುದರಿಂದ ಹೇಳಿದವರಿಗೆ ಇದು ತಾನಾಗಿ ತಟ್ಟುತ್ತದೆ. ಪಳಗದಿದ್ದರೆ ತಟ್ಟುವುದಿಲ್ಲ, ಆಗ ಅವರನ್ನು ಮತ್ತೆ ನಾಲ್ಕನೆಯ ಹಂತಕ್ಕೆ ಕರೆದೊಯ್ಯಬೇಕು.

ತಪ್ಪಿದವರಿಗೆ ಮೊದಲೇ ಹೇಳಿಕೊಟ್ಟಿರಬೇಕಾದ ಒಂದು ಮಾತಿದೆ: ಅರಿವಾದೊಡನೆ ಹೆಸರನ್ನು ಒಮ್ಮೆ ಸರಿಯಾಗಿ ಹೇಳಿ ಮಾತು ಮುಂದುವರಿಸಿ. "ಅಯ್ಯೋ ಕ್ಷಮಿಸಿ ಮೇಡಂ, ನನ್ನ ನಾಲಿಗೆಯೇ ಹೀಗೆ" ಎಂದು ಎರಡು ನಿಮಿಷ ಕ್ಷಮೆ ಕೇಳಿದರೆ ಹೆಸರಿನವರು ಅವರನ್ನು ಸಮಾಧಾನಪಡಿಸುವ ಕೆಲಸವನ್ನೂ ಮಾಡಬೇಕಾಗುತ್ತದೆ.

ಮುಖ್ಯಸ್ಥರ ವಿಷಯ ಬೇರೆ. ಅವರನ್ನು ಸಭೆಯೊಳಗೆ ಪರೋಕ್ಷವಾಗಿಯೂ ತಿದ್ದಬಾರದು. ಅವರು ಅದನ್ನು ಗಮನಿಸಿದರೆ ಮುನಿಸು ಹೆಸರಿನವರ ಕಡೆಗೆ ತಿರುಗುವ ಸಂಭವವಿದೆ. ಸಭೆಗೆ ಮುಂಚೆ, ಬೇರೆ ಕಾಗದಗಳನ್ನು ತೋರಿಸುವ ನೆಪದಲ್ಲಿ, "ಸಾರ್, ಸ್ಯಾಂಪಲ್ ರೂಮಿನವರ ಹೆಸರನ್ನು ಯಾಳಿನಿ ಎಂದು ಕರೆಯಬೇಕಂತೆ, ಕಾಗದದಲ್ಲಿರುವ ಹಾಗೆ ಜಕಾರವಲ್ಲ. ನಮಗೂ ಈಚೆಗೆ ಗೊತ್ತಾಯಿತು" ಎಂದು ಹೇಳಿ, ಆ ದಿನದ ಪಟ್ಟಿಯಲ್ಲಿ ಹೆಸರನ್ನು ಕನ್ನಡದಲ್ಲಿಯೇ ಬರೆದು ಕೊಡಿ. ಅವರಿಗೆ ೞ ಕಲಿಸಲು ಹೋಗುವುದು, ಅವರೇ ಕೇಳದ ಹೊರತು, ಬೇಡ. ಬೆಳೆಗಾರರ ಸಭೆಯಲ್ಲಿ ಅಥವಾ ಹೊರಗಿನ ಖರೀದಿದಾರರು ಬಂದಾಗ ಪರಿಚಯ ಮಾಡಿಕೊಡುವವರಿಗೂ ಇದೇ ಕ್ರಮ. ಅಲ್ಲಿ ಒಂದು ಸಲ ತಪ್ಪಾಗಿ ಪರಿಚಯವಾದರೆ ಹತ್ತಾರು ಹೊರಗಿನವರು ಅದೇ ತಪ್ಪನ್ನು ಹೊತ್ತುಕೊಂಡು ಹೋಗುತ್ತಾರೆ, ಅವರನ್ನು ಸಣ್ಣ ಕೋಣೆಗೆ ಕರೆದು ಕೂರಿಸಲು ಆಗುವುದಿಲ್ಲ.

ತಪ್ಪು ಉಚ್ಚಾರಣೆಯನ್ನೇ ತಮಾಷೆ ಮಾಡಿಕೊಂಡು ಬೇಕೆಂದೇ ಮತ್ತೆ ಮತ್ತೆ ಹೇಳುವವರಿದ್ದರೆ ಅದಕ್ಕೆ ಉಚ್ಚಾರಣೆಯ ಪಾಠ ಮದ್ದಲ್ಲ. ಅದನ್ನು ನಡತೆಯ ವಿಷಯವಾಗಿ ಮುಖ್ಯಸ್ಥರ ಗಮನಕ್ಕೆ ತರಬೇಕು.

## ಹಂತ 8: ಎಲ್ಲಿ ನಿಲ್ಲಿಸಬೇಕು

ಒಂದು ತಿಂಗಳ ನಂತರ ಹೆಸರಿನವರನ್ನು ಮೊದಲಿನಂತೆಯೇ ಒಬ್ಬರೇ ಇರುವಾಗ ಕೇಳಿ: "ಈಗ ಹೇಗಿದೆ? ಇನ್ನೂ ಯಾರಿಗಾದರೂ ಹೇಳಬೇಕಾ?" ಯಾರದಾದರೂ ಹೆಸರು ಹೇಳಿದರೆ ಅವರೊಡನೆ ಮಾತ್ರ ಮತ್ತೊಂದು ಕೂರಿಕೆ ಮಾಡಿ. "ಸಾಕು" ಎಂದರೆ ಪಾಠಗಳು ಅಂದಿಗೇ ನಿಲ್ಲಬೇಕು.

ಧ್ವನಿಮುದ್ರಣವನ್ನು ಇಟ್ಟುಕೊಳ್ಳಲು ಅವರ ಒಪ್ಪಿಗೆ ಇದೆಯೇ ಎಂದು ಅಂದೇ ಕೇಳಿಕೊಳ್ಳಿ. ಇದ್ದರೆ, ಮುಂದೆ ಕೆಲಸಕ್ಕೆ ಸೇರುವವರಿಗೆ ಹಾಜರಿ ಪುಸ್ತಕ ತೋರಿಸುವ ದಿನವೇ ಅದನ್ನು ಒಮ್ಮೆ ಕೇಳಿಸುವ ಜವಾಬ್ದಾರಿ ಯಾರದೆಂದು ಗೊತ್ತುಮಾಡಿ. ಇಲ್ಲದಿದ್ದರೆ ಅವರ ಎದುರಿಗೇ ಅಳಿಸಿಹಾಕಿ.